ಎಲ್ಲರ ಫೋನಿನಿಂದ ಹೋಗಬೇಕಾದ ಒಂದು ಫೋಟೋ: ಅಪಾರ್ಟ್‌ಮೆಂಟ್ ಗ್ರೂಪಿನ ಒಂದು ಪ್ರಕರಣ

ಇದು ನಾನಿರುವ ಅಪಾರ್ಟ್‌ಮೆಂಟಿನಲ್ಲೇ ನಡೆದದ್ದು. ದಕ್ಷಿಣ ಬೆಂಗಳೂರು, ಎರಡು ಬ್ಲಾಕು, ಎಂಬತ್ತರ ಹತ್ತಿರ ಮನೆಗಳು. ಹೆಸರು, ಮನೆ ನಂಬರು, ಗುರುತು ಸಿಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ. ಬಾಡಿಗೆಗಿರುವ ಹುಡುಗಿಯನ್ನು ಸುಮಾ ಎಂದು ಕರೆಯುತ್ತೇನೆ. ಬರೆದದ್ದನ್ನು ಅವಳಿಗೆ ತೋರಿಸಿ, ಅವಳು ಸರಿ ಅಂದ ಮೇಲೆಯೇ ಇದನ್ನು ಹೊರಗೆ ಬಿಡುತ್ತಿದ್ದೇನೆ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಕೊನೆಯ ಕೆಲವು ವರ್ಷ ಗ್ರಾಹಕರ ದೂರುಗಳನ್ನು ಓದಿ ಉತ್ತರ ಬರೆಯುವ ಮೇಜಿನಲ್ಲಿದ್ದೆ. ಎಂಥ ಪತ್ರ ಕೆಲಸ ಮಾಡಿಸುತ್ತದೆ, ಎಂಥದ್ದು ಫೈಲಿನೊಳಗೆ ಮಲಗುತ್ತದೆ ಅನ್ನುವುದು ಆ ಮೇಜಿನಲ್ಲಿ ಕಲಿತದ್ದು. ಅಷ್ಟಿದ್ದರೂ ಈ ಪ್ರಕರಣದ ಮೊದಲ ತಪ್ಪು ನನ್ನದೇ.

ಹಿನ್ನೆಲೆ

ನಮ್ಮಲ್ಲಿ ಬಾಡಿಗೆಗೆ ಬರುವವರೆಲ್ಲ ಒಂದು ಫಾರ್ಮ್ ತುಂಬಿ ಕೊಡಬೇಕು. ಫೋಟೋ, ಮೊಬೈಲ್ ನಂಬರು, ಆಧಾರ್ ನಂಬರು, ಆಫೀಸಿನ ವಿಳಾಸ, ಊರಿನ ಮನೆಯ ವಿಳಾಸ, ತಂದೆ ಅಥವಾ ಗಂಡನ ಹೆಸರು ಮತ್ತು ಫೋನು, ಎಲ್ಲವೂ ಒಂದೇ ಹಾಳೆಯಲ್ಲಿ. ಆ ಹಾಳೆಗಳು ಸೆಕ್ಯುರಿಟಿ ಕ್ಯಾಬಿನ್ನಿನ ಒಂದು ಬಾಕ್ಸ್ ಫೈಲಿನಲ್ಲಿ ಇರುತ್ತವೆ.

ವಾಟ್ಸ್ಆ್ಯಪ್‌ನಲ್ಲಿ ಓನರ್‌ಗಳ ಗ್ರೂಪ್ ಒಂದಿದೆ. ಬಾಡಿಗೆದಾರರನ್ನು ಅದಕ್ಕೆ ಸೇರಿಸುವುದಿಲ್ಲ. ಸೆಕ್ರೆಟರಿ ಒಬ್ಬರೇ ಅಡ್ಮಿನ್. ಸಂಭಾವಿತರು, ಯಾರ ಮನಸ್ಸನ್ನೂ ನೋಯಿಸದವರು. ಜಗಳ ಬಂದರೆ ‘ಮೀಟಿಂಗ್‌ನಲ್ಲಿ ನೋಡೋಣ’ ಅನ್ನುವುದು ಅವರ ರೂಢಿ.

ಸುಮಾ ಬಂದು ಏಳೆಂಟು ತಿಂಗಳಾಗಿತ್ತು. ಒಬ್ಬಳೇ ಇರುತ್ತಾಳೆ. ಅವಳ ಗೆಳತಿ ಊರಿನಿಂದ ಕಾರಿನಲ್ಲಿ ಬಂದು ಎರಡು ರಾತ್ರಿ ಉಳಿದಳು. ಆ ಕಾರು ಬೇರೆಯವರ ಪಾರ್ಕಿಂಗ್ ಜಾಗದಲ್ಲಿ ನಿಂತಿತು. ಆ ಜಾಗ ಕಮಿಟಿಯಲ್ಲಿರುವ ಒಬ್ಬ ಹಿರಿಯರದು. ಅವರು ವಾಚ್‌ಮನ್ ಕೈಲಿ ಹೇಳಿ ಕಳಿಸಿದ್ದರು. ಕಾರು ಮಾತ್ರ ಮಾರನೇ ದಿನವೂ ಅಲ್ಲೇ ಇತ್ತು. ತಪ್ಪು ಸುಮಾಳದೇ, ಅದನ್ನು ಅವಳೂ ಅಲ್ಲಗಳೆದಿಲ್ಲ.

ಏನಾಯಿತು

ಗುರುವಾರ ರಾತ್ರಿ 9.40ಕ್ಕೆ ಆ ಹಿರಿಯರು ಕ್ಯಾಬಿನ್ನಿನಿಂದ ಫಾರ್ಮ್ ತರಿಸಿ, ಫೋಟೋ ಹೊಡೆದು, ಓನರ್ಸ್ ಗ್ರೂಪಿಗೆ ಹಾಕಿದರು. ಕೆಳಗೆ ಒಂದು ಸಾಲು: ‘ಇವರೇ ನೋಡಿ. ಎರಡು ಸಲ ಹೇಳಿದರೂ ಕೇಳಿಲ್ಲ.’

ನಾನು ಅದನ್ನು ರಾತ್ರಿಯೇ ನೋಡಿದೆ. ಪಾರ್ಕಿಂಗ್ ಜಗಳ ಅಂದುಕೊಂಡು ಮುಂದಿನ ಮೆಸೇಜಿಗೆ ಹೋದೆ. ಸುಮ್ನೆ ಹೇಳುತ್ತಿಲ್ಲ, ಆ ಹಾಳೆಯಲ್ಲಿ ಏನೇನಿದೆ ಅನ್ನುವುದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅದರ ಮೇಲಿನ ಸಿಟ್ಟಿನ ಸಾಲು ಮಾತ್ರ ಕಂಡಿತು. ಗ್ರೂಪಿನಲ್ಲಿದ್ದ ಬಹಳಷ್ಟು ಜನರಿಗೂ ಹಾಗೇ ಆಗಿರಬೇಕು.

ಶುಕ್ರವಾರ ಸಂಜೆ ಸುಮಾ ನಮ್ಮ ಮನೆಗೆ ಬಂದಳು. ಹಿಂದಿನ ರಾತ್ರಿ ಹತ್ತೂವರೆಗೆ ಯಾರೋ ಗಂಡಸು ಫೋನ್ ಮಾಡಿ, ಹೆಸರು ಹೇಳದೆ, ಪಾರ್ಕಿಂಗ್ ಬಗ್ಗೆ ಬುದ್ಧಿ ಹೇಳಿದ್ದರಂತೆ. ಕೊನೆಗೆ ‘ನಿಮ್ಮ ಆಫೀಸು ಎಲ್ಲಿದೆ ಅಂತ ಗೊತ್ತು’ ಅಂದರಂತೆ. ಅವರು ಹೆದರಿಸಲು ಹೇಳಿದರೋ, ಮಾತಿಗೆ ಮಾತು ಸೇರಿತೋ ಗೊತ್ತಿಲ್ಲ. ಒಬ್ಬಳೇ ಇರುವ ಹುಡುಗಿಗೆ ಆ ಮಾತು ಹೇಗೆ ಕೇಳಿಸಿರಬೇಕು ಅಲ್ವಾ? ತನ್ನ ನಂಬರು ಇವರಿಗೆ ಹೇಗೆ ಸಿಕ್ಕಿತು ಎಂದು ವಿಚಾರಿಸಿದಾಗ ಪಕ್ಕದ ಮನೆಯವರು ಗ್ರೂಪಿನ ಫೋಟೋ ತೋರಿಸಿದ್ದರು.

ಮೊದಲ ಎರಡು ಪ್ರಯತ್ನ

ನಾನು ಕೂಡಲೇ ಫೋನ್ ತೆಗೆದು ಆ ಫೋಟೋಗೇ ರಿಪ್ಲೈ ಒತ್ತಿ ಬರೆದೆ: ‘ಇದು ಸರಿಯಲ್ಲ, ದಯವಿಟ್ಟು ತೆಗೆಯಿರಿ.’ ಒಳ್ಳೆಯದು ಮಾಡಲು ಹೋಗಿ ಕೆಡಿಸಿದೆ. ಒಂದು, ರಿಪ್ಲೈ ಮಾಡಿದರೆ ಆ ಫೋಟೋದ ಚಿಕ್ಕ ಚಿತ್ರ ನನ್ನ ಮೆಸೇಜಿಗೂ ಅಂಟಿಕೊಂಡು ಬರುತ್ತದೆ. ಎರಡು, ಹಿಂದಿನ ರಾತ್ರಿಯ ಫೋಟೋ ಅಷ್ಟು ಹೊತ್ತಿಗೆ ಬೇರೆ ಮೆಸೇಜುಗಳ ಕೆಳಗೆ ಹೂತುಹೋಗಿತ್ತು, ನಾನೇ ಅದನ್ನು ಮೇಲಕ್ಕೆ ಎಳೆದೆ. ಅಲ್ಲಿಂದ ಅರ್ಧ ಗಂಟೆ ಗ್ರೂಪಿನಲ್ಲಿ ಬಾಡಿಗೆದಾರರು, ನಿಯಮ, ಮರ್ಯಾದೆ ಅಂತ ಮಾತು ಬೆಳೆಯಿತು. ನೋಡದೇ ಇದ್ದವರೂ ಹುಡುಕಿ ನೋಡಿದರು. ಇನ್ನೊಬ್ಬರೂ ಆ ಫೋಟೋಗೇ ರಿಪ್ಲೈ ಮಾಡಿದರು. ಎಲ್ಲರೆದುರು ಹೇಳಿಸಿಕೊಂಡ ಹಿರಿಯರು ‘ತೆಗೆಯುವುದಿಲ್ಲ, ಏನು ಮಾಡುತ್ತೀರೋ ಮಾಡಿ’ ಎಂದು ಗಟ್ಟಿಯಾದರು.

ಅಷ್ಟರಲ್ಲಿ ಸುಮಾ ತಾನೇ ಸೆಕ್ರೆಟರಿಗೆ ಮೆಸೇಜು ಕಳಿಸಿದ್ದಳು: ‘ಸರ್, ಗ್ರೂಪಿನಲ್ಲಿ ನನ್ನ ಬಗ್ಗೆ ಏನೋ ಹಾಕಿದ್ದಾರಂತೆ, ನನಗೆ ತುಂಬಾ ಬೇಜಾರಾಗಿದೆ, ದಯವಿಟ್ಟು ಸ್ವಲ್ಪ ನೋಡಿ.’ ಉತ್ತರ ಹತ್ತು ನಿಮಿಷದಲ್ಲಿ ಬಂತು. ‘ಖಂಡಿತ ಅಮ್ಮ. ಭಾನುವಾರ 11ಕ್ಕೆ ಮೀಟಿಂಗ್ ಇದೆ, ಅಲ್ಲಿ ಮಾತಾಡೋಣ.’

ಅವರ ಮೇಲೆ ತಪ್ಪು ಹೊರಿಸಲಾಗದು. ಆ ಮೆಸೇಜು ಕೇಳಿದ್ದು ‘ನೋಡಿ’ ಅಂತ. ಅವರು ನೋಡುತ್ತೇನೆ ಅಂದರು. ಯಾವ ಮೆಸೇಜು, ಅದರಲ್ಲಿ ಏನಿದೆ, ಅವರು ಏನು ಮಾಡಬೇಕು, ಯಾವಾಗ ಮಾಡಬೇಕು, ಇದರಲ್ಲಿ ಒಂದೂ ಇರಲಿಲ್ಲ. ಬ್ಯಾಂಕಿನ ಮೇಜಿಗೆ ಇಂಥ ಪತ್ರಗಳು ರಾಶಿ ಬರುತ್ತಿದ್ದವು. ಬರೆದವರ ನೋವು ನಿಜವಾಗಿರುತ್ತಿತ್ತು, ನನಗೆ ಮಾತ್ರ ಮಾಡಲು ಕೆಲಸವೇ ಇರುತ್ತಿರಲಿಲ್ಲ.

ಗಡಿಯಾರ

ಶುಕ್ರವಾರ ರಾತ್ರಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಲೆಕ್ಕ ಹಾಕಿದೆವು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮೆಸೇಜನ್ನು ಎಲ್ಲರ ಫೋನಿನಿಂದ ತೆಗೆಯಲು ಸಮಯದ ಮಿತಿ ಇದೆ, ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ. ಕಳಿಸಿದವರು ಬಿಟ್ಟರೆ ಗ್ರೂಪಿನ ಅಡ್ಮಿನ್‌ಗೂ ಬೇರೆಯವರ ಮೆಸೇಜು ತೆಗೆಯುವ ಅವಕಾಶವಿದೆ. ಗುರುವಾರ ರಾತ್ರಿ 9.40ರಿಂದ ಎರಡು ದಿನ ಅಂದರೆ ಶನಿವಾರ ರಾತ್ರಿ 9.40. ಆ ‘ಸ್ವಲ್ಪ ಜಾಸ್ತಿ’ಯನ್ನು ನಂಬಿ ಕೂರುವಂತಿರಲಿಲ್ಲ. ಭಾನುವಾರ 11ರ ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿ ಕೈ ಎತ್ತಿದರೂ, ಆ ಹೊತ್ತಿಗೆ ಒತ್ತಲು ಗುಂಡಿಯೇ ಇಲ್ಲದಿರಬಹುದು.

ಸೆಕ್ರೆಟರಿಗೆ ಇದು ತಿಳಿದಿರಲಿಲ್ಲ. ಮೀಟಿಂಗಿನವರೆಗೆ ಕಾಯುವುದರಿಂದ ನಷ್ಟವೇನೂ ಇಲ್ಲ ಅಂತ ಅವರು ತಿಳಿದಿದ್ದರು. ಹಾಗಾಗಿ ಮುಂದಿನ ಪತ್ರದಲ್ಲಿ ಗಡುವು ಇರಬೇಕು, ಗಡುವಿನ ಕಾರಣವೂ ಇರಬೇಕು ಎಂದು ತೀರ್ಮಾನಿಸಿದೆವು. ಕಾರಣವಿಲ್ಲದ ಗಡುವು ಓದುವವರಿಗೆ ಜೋರು ಮಾಡಿದ ಹಾಗೆ ಕೇಳುತ್ತದೆ.

ಹೆದರಿಸಬೇಕೇ?

ಸುಮಾಳ ಆಫೀಸಿನ ಗೆಳೆಯನೊಬ್ಬ ಫೋನಿನಲ್ಲಿ ಸಲಹೆ ಕೊಟ್ಟ: ‘ಅಡ್ಮಿನ್ ಮೇಲೇ ಕೇಸ್ ಹಾಕ್ತೀವಿ ಅನ್ನಿ, ತಕ್ಷಣ ತೆಗೀತಾರೆ.’ ನನಗೆ ಅದು ಬೇಡ ಅನ್ನಿಸಿತು. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆ ಅಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಸದಸ್ಯರನ್ನು ಸೇರಿಸುವುದು, ತೆಗೆಯುವುದು ಬಿಟ್ಟರೆ ಅಡ್ಮಿನ್ ಕೈಯಲ್ಲಿ ಹೆಚ್ಚೇನೂ ಇಲ್ಲ ಅನ್ನುವುದು ಆ ತೀರ್ಪುಗಳ ವಾದದ ಒಂದು ಭಾಗ. ಬೇರೆಯವರ ಮೆಸೇಜು ಅಳಿಸುವ ಅಧಿಕಾರ ಅಡ್ಮಿನ್‌ಗಳಿಗೆ ಬಂದದ್ದು ಆಮೇಲೆ. ಅದರಿಂದ ಕಾನೂನು ಬದಲಾಗುತ್ತದೋ ಇಲ್ಲವೋ ವಕೀಲರ ಚರ್ಚೆ. ನಮಗೆ ಬೇಕಾದದ್ದು ಒಂದು ಫೋಟೋ ಹೋಗುವುದು, ಅದೂ ಶನಿವಾರ ರಾತ್ರಿಯೊಳಗೆ. ಹೆದರಿಸಿದರೆ ಸೆಕ್ರೆಟರಿ ಯಾರಾದರೂ ವಕೀಲರನ್ನು ಕೇಳುತ್ತಾರೆ, ವಕೀಲರು ‘ನಿಮಗೇನೂ ಆಗಲ್ಲ, ಸುಮ್ಮನಿರಿ’ ಅನ್ನುತ್ತಾರೆ. ಅಲ್ಲಿಗೆ ಒಂದು ದಿನ ಕಳೆಯುತ್ತದೆ.

ಆಧಾರ್ ಕಾಯ್ದೆಯ ವಿಷಯವೂ ಬಂತು. 2016ರ ಆ ಕಾಯ್ದೆಯ 29(4)ನೇ ಕಲಂ, ಯಾರದೇ ಆಧಾರ್ ನಂಬರನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು ಅನ್ನುತ್ತದೆ. ಓನರ್‌ಗಳಷ್ಟೇ ಇರುವ ಗ್ರೂಪು ‘ಸಾರ್ವಜನಿಕ’ವೇ ಎಂದು ಯಾರಾದರೂ ಎಳೆಯಬಹುದು. ಅದನ್ನೂ ಪತ್ರದಿಂದ ಬಿಟ್ಟೆವು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದಲ್ಲಿ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನನಗೆ ಅದನ್ನು ಪತ್ರದಲ್ಲಿ ಸೇರಿಸುವ ಆಸೆ ಬಹಳ ಇತ್ತು. ‘ಅಂಕಲ್, ಅವರು ಅದನ್ನೆಲ್ಲ ಓದೋ ಹೊತ್ತಿಗೆ ಭಾನುವಾರ ಆಗುತ್ತೆ’ ಅಂದಳು ಸುಮಾ. ತೆಗೆದೆ.

ಮೂರನೇ ಪ್ರಯತ್ನ: ಪತ್ರ

ಬರೆಯುವ ಮೊದಲು ಒಂದು ಕೆಲಸ ಮಾಡಿದೆವು. ನನ್ನ ಫೋನಿನಿಂದ ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು, ಕಳಿಸಿದವರ ಹೆಸರು, ದಿನ, ಸಮಯ ಕಾಣುವಂತೆ ಸುಮಾಳ ಹತ್ತಿರ ಇಟ್ಟೆವು. ಅಳಿಸಿದ ಮೇಲೆ ಸಾಕ್ಷಿಯೂ ಹೋಗುತ್ತದೆ. ಮುಂದೆ ಆ ಅನಾಮಧೇಯ ಫೋನು ಮತ್ತೆ ಬಂದರೆ ತೋರಿಸಲು ಏನಾದರೂ ಬೇಕು. ಆ ಸ್ಕ್ರೀನ್‌ಶಾಟನ್ನು ಪತ್ರದ ಜೊತೆ ಕಳಿಸಲಿಲ್ಲ. ಸುಮಾಳ ಮೊದಲ ಕರಡಿನಲ್ಲಿ ‘ನನ್ನ ಆಧಾರ್ ನಂಬರ್ ಇಂಥದ್ದು ಎಲ್ಲರಿಗೂ ಹೋಗಿದೆ’ ಎಂದು ಹನ್ನೆರಡು ಅಂಕಿಯೂ ಇತ್ತು! ಪತ್ರವನ್ನು ಸೆಕ್ರೆಟರಿ ಕಮಿಟಿಗೆ ಫಾರ್ವರ್ಡ್ ಮಾಡಿದರೆ ಅದೇ ನಂಬರು ಇನ್ನೊಮ್ಮೆ ಹೊರಟಂತೆ.

ಶನಿವಾರ ಬೆಳಗ್ಗೆ 9ಕ್ಕೆ, ಸುಮಾಳ ಫೋನಿನಿಂದ, ಸೆಕ್ರೆಟರಿಯವರಿಗೆ ಮಾತ್ರ ಹೋದ ಪತ್ರ ಇದು:

‘ನಮಸ್ಕಾರ ಸರ್. ನಿನ್ನೆ ತಕ್ಷಣ ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ. ನಾನು ನಿನ್ನೆ ಸರಿಯಾಗಿ ವಿವರಿಸಲಿಲ್ಲ, ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ.

ಗುರುವಾರ ರಾತ್ರಿ 9.40ಕ್ಕೆ ಓನರ್ಸ್ ಗ್ರೂಪಿನಲ್ಲಿ ನನ್ನ ಬಾಡಿಗೆ ಫಾರ್ಮಿನ ಫೋಟೋ ಬಂದಿದೆ. ಅದರಲ್ಲಿ ನನ್ನ ಆಧಾರ್ ನಂಬರು, ಮೊಬೈಲ್, ಆಫೀಸು ಮತ್ತು ಊರಿನ ವಿಳಾಸ, ಅಪ್ಪನ ಫೋನ್ ನಂಬರು ಪೂರ್ತಿ ಕಾಣುತ್ತವೆ. ಇದನ್ನು ಗ್ರೂಪಿನಲ್ಲಿ ಹಾಕಲು ನಾನು ಒಪ್ಪಿಗೆ ಕೊಟ್ಟಿಲ್ಲ. ಅದೇ ರಾತ್ರಿ ನನಗೆ ಗುರುತಿಲ್ಲದವರ ಫೋನ್ ಬಂತು.

ಆ ಫೋಟೋ ಮತ್ತು ಅದಕ್ಕೆ ಬಂದಿರುವ ಎರಡು ರಿಪ್ಲೈಗಳನ್ನು ಇವತ್ತು ರಾತ್ರಿ 8ರೊಳಗೆ ಎಲ್ಲರ ಫೋನಿನಿಂದ ಹೋಗುವಂತೆ ಡಿಲೀಟ್ ಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅವಸರಕ್ಕೆ ಕಾರಣ, ಎರಡು ದಿನ ದಾಟಿದ ಮೇಲೆ ವಾಟ್ಸ್ಆ್ಯಪ್ ಹಾಗೆ ಅಳಿಸಲು ಬಿಡದೇ ಇರಬಹುದು. ಭಾನುವಾರದ ಮೀಟಿಂಗಿನ ಹೊತ್ತಿಗೆ ತಡವಾಗುತ್ತದೆ.

ಕಾರು ನಿಲ್ಲಿಸಿದ್ದು ನನ್ನ ತಪ್ಪು. ಆ ವಿಷಯಕ್ಕೆ ಭಾನುವಾರ ಬರುತ್ತೇನೆ, ದಂಡ ಇದ್ದರೆ ಕಟ್ಟುತ್ತೇನೆ. ಅದು ಬೇರೆ, ಈ ಕೋರಿಕೆ ಬೇರೆ. ಯಾರೂ ನನ್ನ ಕ್ಷಮೆ ಕೇಳಬೇಕಾಗಿಲ್ಲ. ಫೋಟೋ ಹೋದರೆ ಸಾಕು.

8ರೊಳಗೆ ಆಗದಿದ್ದರೆ ನಾನು ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡುತ್ತೇನೆ. ಆ ದೂರು ನಿಮ್ಮ ಮೇಲಲ್ಲ. ಹಾಗೆ ಮಾಡುವುದು ನನಗೂ ಇಷ್ಟವಿಲ್ಲ, ಅದಕ್ಕೇ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ.’

ಪಾರ್ಕಿಂಗ್ ಬಗೆಗಿನ ಸಾಲುಗಳನ್ನು ಸೇರಿಸಲು ಸುಮಾಗೆ ಮನಸ್ಸಿರಲಿಲ್ಲ. ತಪ್ಪು ಒಪ್ಪಿಕೊಂಡರೆ ತನ್ನ ಕೈ ಕೆಳಗಾಗುತ್ತದೆ ಎಂದು ಅವಳ ವಾದ. ನಾನು ಒತ್ತಾಯ ಮಾಡಿದೆ. ಸೆಕ್ರೆಟರಿಯ ಇಕ್ಕಟ್ಟು ಇದ್ದದ್ದೇ ಅಲ್ಲಿ. ಫೋಟೋ ತೆಗೆದರೆ ಬಾಡಿಗೆದಾರಳ ಪಕ್ಷ ವಹಿಸಿದ ಹಾಗೆ, ಬಿಟ್ಟರೆ ಹಿರಿಯರ ಪಕ್ಷ. ಎರಡೂ ಬೇರೆ ಬೇರೆ ಎಂದು ಬರವಣಿಗೆಯಲ್ಲಿ ಕೈಗೆ ಕೊಟ್ಟರೆ, ಅವರು ಅದನ್ನೇ ಇನ್ನೊಬ್ಬರಿಗೆ ತೋರಿಸಬಹುದು.

ತಿರುವು

ಹನ್ನೊಂದು ಗಂಟೆಗೆ ಸೆಕ್ರೆಟರಿ ಫೋನ್ ಮಾಡಿದರು, ಸುಮಾಗಲ್ಲ, ನನಗೆ. ‘ಹುಡುಗಿ ಬರೆದದ್ದು ಸರಿಯಾಗಿದೆ. ಆದರೆ ಅವರು ನನಗಿಂತ ದೊಡ್ಡವರು. ನಾನು ಅಳಿಸಿದರೆ ಅಡ್ಮಿನ್ ಅಳಿಸಿದರು ಅಂತ ನನ್ನ ಹೆಸರು ಬೀಳುತ್ತೆ. ನಾಳೆ ಮುಖ ನೋಡೋದು ಹೇಗೆ?’

ಇದು ಸಬೂಬು ಅಲ್ಲ, ನಿಜವಾದ ತೊಂದರೆ. ಹಾಗಾಗಿ ನಾನು ಹೇಳಿದೆ: ‘ನೀವೇ ಅಳಿಸಬೇಕು ಅಂತ ಅವಳು ಹೇಳಿಲ್ಲ. ಡಿಲೀಟ್ ಮಾಡಿಸಿ ಅಂದಿದ್ದಾಳೆ. ಮೊದಲು ಅವರನ್ನೇ ಕೇಳಿ. ಅವರೇ ತೆಗೆದರೆ ಅವರ ಮರ್ಯಾದೆಯೂ ಉಳಿಯುತ್ತೆ. ಏಳು ಗಂಟೆಯವರೆಗೆ ಕಾಯೋಣ. ಆಗದಿದ್ದರೆ ನೀವು ಮಾಡಿ.’

ಸಂಜೆ ಐದಕ್ಕೆ ಸೆಕ್ರೆಟರಿಯ ಮೆಸೇಜು ಬಂತು. ‘ಮಾತಾಡಿದೆ. ಒಪ್ಪಿದರು. ಅಳಿಸಿದ್ದಾರೆ.’ ಸುಮಾ ನಿಟ್ಟುಸಿರು ಬಿಟ್ಟಳು. ನಾನು ಗ್ರೂಪ್ ತೆರೆದು ನೋಡಿದೆ. ಫೋಟೋ ಹಾಗೇ ಇತ್ತು.

ಹಿರಿಯರು ಸುಳ್ಳು ಹೇಳುತ್ತಿದ್ದಾರೆ ಎಂದೇ ಎಲ್ಲರೂ ಅಂದುಕೊಂಡೆವು. ಸುಮಾ ಠಾಣೆಗೆ ಹೊರಡಲು ಎದ್ದಳು. ಅದು ಸುಳ್ಳಾಗಿರಲಿಲ್ಲ. ಅವರು ಒತ್ತಿದ್ದು ‘ಡಿಲೀಟ್ ಫಾರ್ ಮಿ’. ಅದು ಅವರ ಫೋನಿನಿಂದ ಮಾತ್ರ ಅಳಿಸುತ್ತದೆ. ಬೇರೆ ಎಲ್ಲರ ಫೋನಿನಲ್ಲಿ ಇದ್ದದ್ದು ಇದ್ದ ಹಾಗೇ. ಆ ಕ್ಷಣದಲ್ಲಿ ‘ಅನ್‌ಡೂ’ ಒತ್ತದಿದ್ದರೆ, ಅವರ ಫೋನಿನಲ್ಲಿ ಮೆಸೇಜೇ ಇಲ್ಲದ ಕಾರಣ ‘ಡಿಲೀಟ್ ಫಾರ್ ಎವರಿಒನ್’ ಒತ್ತಲೂ ಆಗುವುದಿಲ್ಲ. ಅವರ ಮಟ್ಟಿಗೆ ಫೋಟೋ ಹೋಗಿತ್ತು. ಇನ್ನು ಅದನ್ನು ತೆಗೆಯಬಲ್ಲವರು ಅಡ್ಮಿನ್ ಒಬ್ಬರೇ. ಅಳಿಸಿದ್ದಾರೆ ಅನ್ನುವುದನ್ನು ಅಳಿಸಿದವರ ಫೋನಿನಲ್ಲಿ ನೋಡಬಾರದು, ಮೂರನೆಯವರ ಫೋನಿನಲ್ಲಿ ನೋಡಬೇಕು. ಅಲ್ಲಿ ಫೋಟೋ ಇದ್ದ ಜಾಗದಲ್ಲಿ ಮೆಸೇಜು ಅಳಿಸಲಾಗಿದೆ ಎಂಬ ಸಾಲು ಕಾಣಬೇಕು.

ನಾನು ಸೆಕ್ರೆಟರಿಯ ಮನೆಗೇ ಹೋದೆ. ನನ್ನ ಫೋನ್ ತೋರಿಸಿದೆ. ಆಗ ಏಳೂವರೆ. ಅವರು ಹಿರಿಯರಿಗೆ ಫೋನ್ ಮಾಡಿ ‘ನಿಮ್ಮದರಲ್ಲಿ ಹೋಗಿದೆ ಸರ್, ನಮ್ಮದರಲ್ಲಿ ಹೋಗಿಲ್ಲ, ನಾನು ಇಲ್ಲಿಂದ ತೆಗೆದುಬಿಡ್ಲಾ?’ ಅಂದರು. ಆ ಕಡೆಯಿಂದ ‘ತೆಗೀರಿ, ಅದಕ್ಕೇನು’ ಅನ್ನುವ ದನಿ ನನಗೂ ಕೇಳಿತು. ಒಂದು ತಪ್ಪು ಗುಂಡಿಯಿಂದಾಗಿ, ಅಡ್ಮಿನ್ ಹೆಸರಿನಲ್ಲಿ ಅಳಿಸುವುದು ಯಾರಿಗೂ ಅವಮಾನ ಆಗದ ಕೆಲಸವಾಯಿತು. 7.50ಕ್ಕೆ ಫೋಟೋ ಹೋಯಿತು. ಮೂಲ ಫೋಟೋ ಹೋದರೂ ರಿಪ್ಲೈಗಳಲ್ಲಿ ಅಂಟಿದ್ದ ಚಿಕ್ಕ ಚಿತ್ರ ಉಳಿದಿತ್ತು. ನನ್ನದನ್ನು ನಾನೇ ಅಳಿಸಿದೆ, ಇನ್ನೊಂದನ್ನು ಅವರು ಅಳಿಸಿದರು.

ಏನು ಉಳಿಯಿತು

ಎಲ್ಲವೂ ಹೋಗಲಿಲ್ಲ. ಫೋಟೋಗಳು ತಾವಾಗಿ ಡೌನ್‌ಲೋಡ್ ಆಗುವ ಫೋನುಗಳಲ್ಲಿ ಗ್ಯಾಲರಿಗೆ ಸೇರಿದ ಪ್ರತಿ ಉಳಿದಿರಬಹುದು. ಯಾರಾದರೂ ಬೇರೆ ಕಡೆಗೆ ಫಾರ್ವರ್ಡ್ ಮಾಡಿದ್ದರೆ ಅದನ್ನು ಈ ಗ್ರೂಪಿನ ಅಡ್ಮಿನ್ ತೆಗೆಯಲಾರರು. ಬಿ ಬ್ಲಾಕಿನ ಚಿಕ್ಕ ಗ್ರೂಪಿಗೂ ಅದು ಹೋಗಿತ್ತು ಎಂದು ಆ ರಾತ್ರಿಯೇ ತಿಳಿಯಿತು. ಅಲ್ಲಿನ ಅಡ್ಮಿನ್‌ಗೆ ಅದೇ ಪತ್ರವನ್ನು ಸಮಯ ತಿದ್ದಿ ಕಳಿಸಿದಳು. ಅವರು ಹತ್ತು ನಿಮಿಷದಲ್ಲಿ ತೆಗೆದರು. ದೊಡ್ಡ ಗ್ರೂಪಿನಲ್ಲಿ ಆಗಲೇ ತೆಗೆದಿದ್ದರಿಂದ ಅವರಿಗೆ ಯೋಚಿಸುವ ಕೆಲಸವೇ ಇರಲಿಲ್ಲ.

ಗ್ಯಾಲರಿಯ ಪ್ರತಿಗಳಿಗಾಗಿ ಸೆಕ್ರೆಟರಿಯಿಂದ ಒಂದು ಸಾಲು ಹಾಕಿಸಿದೆವು: ‘ಗುರುವಾರ ಬಂದಿದ್ದ ಒಂದು ದಾಖಲೆಯ ಫೋಟೋವನ್ನು ತೆಗೆಯಲಾಗಿದೆ. ನಿಮ್ಮ ಫೋನಿನಲ್ಲಿ ಉಳಿದಿದ್ದರೆ ದಯವಿಟ್ಟು ಅಳಿಸಿ, ಯಾರಿಗೂ ಕಳಿಸಬೇಡಿ.’ ಯಾರ ದಾಖಲೆ ಎಂದು ಅದರಲ್ಲಿ ಇಲ್ಲ. ಮೊದಲು ಅವರು ‘ಸುಮಾ ಅವರ ಕೋರಿಕೆಯ ಮೇರೆಗೆ’ ಎಂದು ಶುರು ಮಾಡಿದ್ದರು. ಅದನ್ನು ಬಿಡಿಸಿದ್ದು ಸುಮಾಳೇ. ಎಷ್ಟು ಜನ ಅಳಿಸಿದರು ಅಂತ ತಿಳಿಯುವ ದಾರಿ ಇಲ್ಲ.

ಆಧಾರ್ ನಂಬರು ಫೋನ್ ನಂಬರಿನ ಹಾಗಲ್ಲ, ಬೇಕೆಂದಾಗ ಬದಲಾಯಿಸಲು ಬರುವುದಿಲ್ಲ. ಅವಳು ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದಳು. ಹಾಗೆ ಮಾಡಿದರೆ ಅವಳ ಬೆರಳಚ್ಚನ್ನು ಯಾರೂ ಆಧಾರ್ ಮೂಲಕ ಬಳಸಲಾಗುವುದಿಲ್ಲ. ಸಿಮ್ ಅಥವಾ ಬ್ಯಾಂಕ್ ಕೆಲಸಕ್ಕೆ ತಾನೇ ಬೆರಳು ಒತ್ತಬೇಕಾದಾಗ ತೆರೆದುಕೊಳ್ಳಬಹುದು. ಅನಾಮಧೇಯ ಫೋನು ಮತ್ತೆ ಬರಲಿಲ್ಲ. ಪೊಲೀಸ್ ದೂರು ಕೊಡುವ ಅಗತ್ಯ ಬೀಳಲಿಲ್ಲ.

ಭಾನುವಾರದ ಮೀಟಿಂಗಿಗೆ ಸುಮಾ ಹೋದಳು. 500 ರೂಪಾಯಿ ದಂಡ ಹಾಕಿದರು, ಕಟ್ಟಿದಳು. ಹಿರಿಯರು ಅವಳ ಜೊತೆ ಮಾತಾಡಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಈಗಲೂ ಇಬ್ಬರೂ ಫೋನ್ ನೋಡುತ್ತಾರೆ.

ಆ ಮೀಟಿಂಗಿನಲ್ಲಿ ನಾನು ಒಂದೇ ಮಾತು ಎತ್ತಿದೆ: ಬಾಡಿಗೆದಾರರಿಂದ ಪೂರ್ತಿ ಆಧಾರ್ ನಂಬರು ಯಾಕೆ ಬೇಕು? ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸರ್ಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಹೊಸಬರಿಗೆ ಅದೇ ಸಾಕು ಎಂದು ಒಪ್ಪಿದರು. ಹಳೆಯ ಫಾರ್ಮುಗಳ ಬಗ್ಗೆ ‘ಮುಂದಿನ ಮೀಟಿಂಗ್‌ನಲ್ಲಿ ನೋಡೋಣ’ ಎಂದಾಯಿತು. ಸುಮಾ ಅಷ್ಟು ದಿನ ಕಾಯಲಿಲ್ಲ. ಮೀಟಿಂಗ್ ಮುಗಿದ ಮೇಲೆ ಸೆಕ್ರೆಟರಿಯನ್ನು ಕೇಳಿ, ಅವರ ಎದುರೇ ಕ್ಯಾಬಿನ್ನಿನ ಬಾಕ್ಸ್ ಫೈಲಿನಿಂದ ತನ್ನ ಹಾಳೆ ಹುಡುಕಿ, ದಪ್ಪ ಮಾರ್ಕರಿನಿಂದ ಮೊದಲ ಎಂಟು ಅಂಕಿ ಕಪ್ಪು ಮಾಡಿ, ಮತ್ತೆ ಅದರ ಜಾಗದಲ್ಲೇ ಇಟ್ಟಳು. ಆ ಫೈಲಿಗೆ ಬೀಗ ಇನ್ನೂ ಬಂದಿಲ್ಲ.